ವೈಫೈ ಹೆಸರು ಅಡಗಿಸಿದರೆ ರೂಟರ್ ಸುಮ್ಮನಾಗುತ್ತದೆ, ಫೋನ್ ಕೂಗತೊಡಗುತ್ತದೆ

ವೈಫೈ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸುವ ಜಾಗದ ಆಸುಪಾಸಿನಲ್ಲೇ ಜಾಲದ ಹೆಸರನ್ನು ಅಡಗಿಸುವ ಆಯ್ಕೆಯೂ ಇರುತ್ತದೆ. ಅದನ್ನು ಆರಿಸಿದ ಕೂಡಲೇ ಅಕ್ಕಪಕ್ಕದವರ ಫೋನಿನ ವೈಫೈ ಪಟ್ಟಿಯಿಂದ ಹೆಸರು ಮಾಯವಾಗುತ್ತದೆ. ಕಾಣದ ಮನೆಗೆ ಕಳ್ಳ ಬರುವುದಾದರೂ ಹೇಗೆ ಎಂಬ ನಂಬಿಕೆಯಿಂದ ಬಹಳ ಮಂದಿ ಹೀಗೆ ಮಾಡಿಟ್ಟಿರುತ್ತಾರೆ. ಮಾಡಿ ಎಂದು ಸಲಹೆ ಕೊಡುವವರೂ ಕಡಿಮೆಯಿಲ್ಲ.

ಆದರೆ ಅದೇ ಜಾಲಕ್ಕೆ ಐಫೋನನ್ನು ಸೇರಿಸಿದರೆ, ವೈಫೈ ಸೆಟ್ಟಿಂಗ್ಸ್‌ನಲ್ಲಿ ಖಾಸಗಿತನದ ಎಚ್ಚರಿಕೆ ಕಾಣಿಸಿಕೊಳ್ಳುವುದುಂಟು. ಆಂಡ್ರಾಯ್ಡ್ ಫೋನಿನಲ್ಲಿ ಜಾಲವನ್ನು ಸೇರಿಸುವಾಗ ‘ಅಡಗಿದ ಜಾಲ’ ಎಂದು ಗುರುತು ಮಾಡಿದರೂ ಒಂದು ಸೂಚನೆ ಬರುತ್ತದೆ. ಜಾಲವನ್ನು ಹುಡುಕಲು ಫೋನ್ ಆಗಾಗ ಸಂಕೇತ ಹೊರಡಿಸುತ್ತಿರಬೇಕಾಗುವುದರಿಂದ ಭದ್ರತೆಗೆ ಅಪಾಯ ಆಗಬಹುದು ಎಂಬುದು ಅದರ ಸಾರ. ಅಡಗಿಸುವುದು ಸುರಕ್ಷತೆ ಎಂಬ ಭಾವನೆ ಮೂಡಿಸುವಂತೆ ರೂಟರ್‌ನ ಪುಟ ಇರುತ್ತದೆ, ಅದೇ ಅಪಾಯ ಎಂದು ಫೋನ್ ಹೇಳುತ್ತದೆ. ಯಾವುದನ್ನು ನಂಬಬೇಕು ಎಂದು ಬಳಕೆದಾರರು ಗೊಂದಲಕ್ಕೆ ಬೀಳುವುದು ಸಹಜವೇ.

ಇಲ್ಲಿ ನಂಬಬೇಕಾದದ್ದು ಫೋನಿನ ಮಾತನ್ನು. ಕಾರಣ ತಿಳಿಯಬೇಕಾದರೆ ರೂಟರ್ ಮತ್ತು ಫೋನ್ ಗಾಳಿಯಲ್ಲಿ ಏನು ಮಾತಾಡಿಕೊಳ್ಳುತ್ತವೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

## ಅಡಗುವುದು ಎಷ್ಟು, ಉಳಿಯುವುದು ಎಷ್ಟು

ಪ್ರತಿಯೊಂದು ವೈಫೈ ರೂಟರ್ ತಾನು ಇದ್ದೇನೆ ಎಂದು ನಿರಂತರವಾಗಿ ಸಾರುತ್ತಿರುತ್ತದೆ. ಈ ಸಾರುವ ಸಂದೇಶಕ್ಕೆ ಬೀಕನ್ ಎಂದು ಹೆಸರು. ಸಾಮಾನ್ಯವಾಗಿ ಎರಡು ಬೀಕನ್‌ಗಳ ನಡುವಿನ ಅಂತರ 102.4 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಹತ್ತರ ಆಸುಪಾಸು. ದಿನವಿಡೀ ಲೆಕ್ಕ ಹಾಕಿದರೆ ಎಂಟು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಜಾಲದ ಹೆಸರು, ರೂಟರ್‌ನ ರೇಡಿಯೊ ವಿಳಾಸ, ಯಾವ ಚಾನೆಲ್, ಎಂಥ ಭದ್ರತೆ, ಎಷ್ಟು ವೇಗ ಎಂಬ ಮಾಹಿತಿಯೆಲ್ಲ ಇರುತ್ತದೆ.

ಹೆಸರು ಅಡಗಿಸಿದಾಗ ಈ ಬೀಕನ್ ನಿಲ್ಲುವುದಿಲ್ಲ. ಅದು ಮೊದಲಿನಷ್ಟೇ ಬಾರಿ, ಮೊದಲಿನಷ್ಟೇ ಬಲವಾಗಿ ಹೊರಡುತ್ತಿರುತ್ತದೆ. ಹೆಸರು ಇರಬೇಕಾದ ಜಾಗವನ್ನು ಮಾತ್ರ ರೂಟರ್ ಖಾಲಿ ಬಿಡುತ್ತದೆ ಅಥವಾ ಸೊನ್ನೆಗಳಿಂದ ತುಂಬುತ್ತದೆ. ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಹೀಗಾಗಿ ಅಡಗಿದ ಜಾಲ ಎಂಬ ಮಾತೇ ತಪ್ಪು ದಾರಿಗೆ ಎಳೆಯುವಂಥದ್ದು. ಇಲ್ಲಿ ಒಂದು ಜಾಲ ಇದೆ, ಇಂಥ ಚಾನೆಲಿನಲ್ಲಿದೆ, ಇಂಥ ಭದ್ರತೆ ಬಳಸುತ್ತಿದೆ, ಇದರ ಮಾಲೀಕರು ಹೆಸರನ್ನು ಬೇಕೆಂದೇ ಮುಚ್ಚಿದ್ದಾರೆ ಎಂಬ ನಾಲ್ಕೂ ಸಂಗತಿಗಳು ಕೇಳುವವರಿಗೆ ಕೇಳಿಸುತ್ತಲೇ ಇರುತ್ತವೆ. ವಿಂಡೋಸ್ ಲ್ಯಾಪ್‌ಟಾಪ್‌ನ ಸಾಮಾನ್ಯ ವೈಫೈ ಪಟ್ಟಿಯಲ್ಲೇ ಇಂಥ ಜಾಲ `Hidden Network` ಎಂಬ ಸಾಲಾಗಿ ಕಾಣಿಸುತ್ತದೆ. ಅದನ್ನು ನೋಡಲು ವಿಶೇಷ ಉಪಕರಣವೂ ಬೇಕಿಲ್ಲ.

## ಹೆಸರು ಹೊರಬೀಳುವ ಕ್ಷಣ

ಬೀಕನ್‌ನಲ್ಲಿ ಹೆಸರಿಲ್ಲದಿದ್ದರೂ ಅದು ಬೇರೆಡೆಯಾದರೂ ಗುಟ್ಟಾಗಿ ಉಳಿದಿದ್ದರೆ ಒಂದಿಷ್ಟು ಪ್ರಯೋಜನವಿದೆ ಎನ್ನಬಹುದಿತ್ತು. ಹಾಗೆ ಉಳಿಯುವುದಿಲ್ಲ. ಫೋನ್ ಅಥವಾ ಲ್ಯಾಪ್‌ಟಾಪ್ ಈ ಜಾಲವನ್ನು ಸೇರುವಾಗ ಮೊದಲು ‘ಇಂಥ ಹೆಸರಿನ ಜಾಲ ಇಲ್ಲಿ ಇದೆಯೇ?’ ಎಂದು ಹೆಸರು ಹಿಡಿದು ಕೇಳುತ್ತದೆ. ಇದು ಪ್ರೋಬ್ ಸಂದೇಶ. ‘ಹೌದು, ನಾನೇ’ ಎಂದು ರೂಟರ್ ಅದೇ ಹೆಸರಿನೊಂದಿಗೆ ಉತ್ತರಿಸುತ್ತದೆ. ಅನಂತರ ಸೇರ್ಪಡೆಗಾಗಿ ಫೋನ್ ಕಳಿಸುವ ಕೋರಿಕೆಯಲ್ಲಿಯೂ ಹೆಸರು ಇರಲೇಬೇಕು. ಇಷ್ಟೂ ಸಂದೇಶಗಳು ಎನ್‌ಕ್ರಿಪ್ಟ್ ಆಗದೆ ಬಟಾಬಯಲಾಗಿ ಹೋಗುತ್ತವೆ.

ಪಾಸ್‌ವರ್ಡ್ ಇದ್ದರೂ ಹೀಗೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಈಗಿನ ವೈಫೈ ಭದ್ರತೆಯ ಬಗೆಗಳಾದ ಡಬ್ಲ್ಯುಪಿಎ2 ಆಗಲಿ ಡಬ್ಲ್ಯುಪಿಎ3 ಆಗಲಿ ಕಾಪಾಡುವುದು ಮುಖ್ಯವಾಗಿ ಜಾಲದೊಳಗೆ ಹರಿಯುವ ದತ್ತಾಂಶವನ್ನು. ಎನ್‌ಕ್ರಿಪ್ಟ್ ಮಾಡಬೇಕಾದರೆ ಎರಡೂ ಕಡೆ ಒಂದೇ ಕೀಲಿ ಇರಬೇಕು. ಆ ಕೀಲಿ ಹುಟ್ಟುವುದು ಪರಸ್ಪರ ಗುರುತು ಹಿಡಿದ ಮೇಲೆ. ಗುರುತು ಹಿಡಿಯಲು ನಡೆಯುವ ಮಾತು ಕೀಲಿಗಿಂತ ಮುಂಚಿನದ್ದಾದ್ದರಿಂದ ಅದನ್ನು ಮುಚ್ಚಿಡಲು ಕೀಲಿಯೇ ಇರುವುದಿಲ್ಲ. ಸಂಪರ್ಕ ಬೆಳೆಸುವ, ಕಡಿಯುವ ನಿರ್ವಹಣಾ ಸಂದೇಶಗಳನ್ನು ಕಾಪಾಡಲೆಂದು 2009ರಲ್ಲಿ ವೈಫೈ ಮಾನದಂಡಕ್ಕೆ 802.11ಡಬ್ಲ್ಯು ಎಂಬ ತಿದ್ದುಪಡಿ ಬಂತು. ಅದು ಸಂಪರ್ಕ ಕಡಿಯುವ ನಕಲಿ ಸಂದೇಶಗಳಂಥವನ್ನು ತಡೆಯುತ್ತದೆಯೇ ಹೊರತು ಪ್ರೋಬ್ ಮತ್ತು ಸೇರ್ಪಡೆಯ ಕೋರಿಕೆಯಲ್ಲಿರುವ ಹೆಸರನ್ನು ಮುಚ್ಚುವುದಿಲ್ಲ.

ಒಂದು ಉದಾಹರಣೆ ನೋಡೋಣ. `Neeli-Mugilu-58` ಎಂಬ ಹೆಸರಿನ ಜಾಲವನ್ನು ಅಡಗಿಸಲಾಗಿದೆ ಎಂದುಕೊಳ್ಳಿ. ವೈಫೈ ದೋಷ ಹುಡುಕುವವರು ಬಳಸುವ `airodump-ng` ಎಂಬ ಉಚಿತ ಸಾಧನ ಏನನ್ನೂ ಕಳಿಸದೆ ಗಾಳಿಯಲ್ಲಿರುವುದನ್ನು ಕೇಳಿಸಿಕೊಳ್ಳಬಲ್ಲದು. ಅದರ ತೆರೆಯ ಮೇಲಿನ ಮುಖ್ಯ ಅಂಕಣಗಳಾದ ರೇಡಿಯೊ ವಿಳಾಸ, ಚಾನೆಲ್, ಭದ್ರತೆಯ ಬಗೆ, ಜಾಲದ ಹೆಸರು ಇವನ್ನಷ್ಟೇ ತೆಗೆದುಕೊಂಡರೆ ಮೊದಲಿಗೆ ಹೀಗೆ ಕಾಣಿಸುತ್ತದೆ:

```
BSSID              CH  ENC   ESSID
02:11:22:33:44:55   6  WPA2  <length: 15>
```

ಈ ರೂಟರ್ ಹೆಸರಿನ ಜಾಗವನ್ನು ಸೊನ್ನೆಗಳಿಂದ ತುಂಬುವ ಜಾತಿಯದು. ಹೀಗಾಗಿ ಹೆಸರಿನಲ್ಲಿ 15 ಅಕ್ಷರಗಳಿವೆ ಎಂಬುದು ಮೊದಲ ನೋಟಕ್ಕೇ ತಿಳಿದುಹೋಯಿತು. ಇನ್ನು ಕಾಯುವುದಷ್ಟೇ ಕೆಲಸ. ಮನೆಯವರಲ್ಲಿ ಒಬ್ಬರು ಹೊರಗಿನಿಂದ ಬಂದು ಅವರ ಫೋನ್ ಜಾಲಕ್ಕೆ ಸೇರಿಕೊಂಡ ಕೂಡಲೇ ಅದೇ ಸಾಲು ಬದಲಾಗುತ್ತದೆ:

```
BSSID              CH  ENC   ESSID
02:11:22:33:44:55   6  WPA2  Neeli-Mugilu-58
```

ಇಲ್ಲಿ ಯಾರೂ ಯಾವ ಬೀಗವನ್ನೂ ಮುರಿಯಲಿಲ್ಲ. ಸಾಧನವು ಬೀಕನ್‌ನಲ್ಲಿ ಕಂಡ ರೇಡಿಯೊ ವಿಳಾಸವನ್ನೂ ಸೇರ್ಪಡೆಯ ಮಾತಿನಲ್ಲಿ ಕಂಡ ವಿಳಾಸವನ್ನೂ ತಾಳೆ ನೋಡಿ, ಖಾಲಿ ಜಾಗದಲ್ಲಿ ಹೆಸರು ಬರೆಯಿತು, ಅಷ್ಟೆ. ಕೇಳುತ್ತಿದ್ದವರು ಒಂದು ಸಂದೇಶವನ್ನೂ ಕಳಿಸಿಲ್ಲವಾದ್ದರಿಂದ ಇದು ನಡೆದದ್ದು ರೂಟರ್‌ನ ದಾಖಲೆಯಲ್ಲೂ ಸಿಗುವುದಿಲ್ಲ. ಬಳಕೆಯಲ್ಲಿರುವ ಯಾವ ಜಾಲದ ಹೆಸರೂ ಬಹಳ ಹೊತ್ತು ಗುಟ್ಟಾಗಿ ಉಳಿಯಲಾರದು. ಗುಟ್ಟು ಉಳಿಯಬೇಕಾದರೆ ಆ ಜಾಲವನ್ನು ಯಾರೂ ಸೇರಬಾರದು.

## ಈ ಸಲಹೆ ಬಂದದ್ದು ಎಲ್ಲಿಂದ

ಸಲಹೆಗೂ ಒಂದು ಇತಿಹಾಸವಿದೆ. ವೈಫೈಯ ಮೊದಲ ದಿನಗಳಲ್ಲಿ ಇದ್ದದ್ದು ಡಬ್ಲ್ಯುಇಪಿ ಎಂಬ ದುರ್ಬಲ ಎನ್‌ಕ್ರಿಪ್ಷನ್. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ಮೂವರು ಸಂಶೋಧಕರು ಅದರ ಬುಡದಲ್ಲಿದ್ದ ದೋಷವನ್ನು ಬಯಲಿಗೆಳೆದರು. ಗಾಳಿಯಲ್ಲಿ ಹರಿಯುವ ಸಂದೇಶಗಳನ್ನು ಸಾಕಷ್ಟು ಸಂಗ್ರಹಿಸಿದರೆ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದಾಗಿತ್ತು. ಪಾಸ್‌ವರ್ಡಿನ ಮೇಲೆ ಭರವಸೆ ಇಡಲಾಗದ ಆ ಕಾಲದಲ್ಲಿ ಜನರು ಕೈಗೆ ಸಿಕ್ಕ ಇತರ ಆಯ್ಕೆಗಳ ಮೊರೆ ಹೋದರು. ಹೆಸರು ಅಡಗಿಸುವುದು ಅವುಗಳಲ್ಲಿ ಒಂದು. ಸಾಧನಗಳ ರೇಡಿಯೊ ವಿಳಾಸಗಳ ಪಟ್ಟಿ ಮಾಡಿ ಉಳಿದವನ್ನು ತಡೆಯುವುದು ಇನ್ನೊಂದು.

ಜಾಲದ ಹೆಸರು ಗರಿಷ್ಠ 32 ಬೈಟ್‌ಗಳ ಒಂದು ಗುರುತಿನ ಚೀಟಿ. ಎಷ್ಟೋ ಜಾಲಗಳ ನಡುವೆ ನಮ್ಮದು ಯಾವುದು ಎಂದು ತಿಳಿಯುವುದಕ್ಕಾಗಿ ಮಾಡಿದ್ದು. ಅದನ್ನು ಗುಟ್ಟಾಗಿಡುವ ಏರ್ಪಾಡು ವೈಫೈಯ ವಿನ್ಯಾಸದಲ್ಲೇ ಇಲ್ಲ. ಭದ್ರತಾ ಉತ್ಪನ್ನಗಳನ್ನು ಪರೀಕ್ಷಿಸುತ್ತಿದ್ದ ಐಸಿಎಸ್‌ಎ ಲ್ಯಾಬ್ಸ್‌ನಲ್ಲಿದ್ದ ರಾಬರ್ಟ್ ಮಾಸ್ಕೊವಿಟ್ಜ್ 2003ರಲ್ಲೇ ಹೆಸರು ಅಡಗಿಸುವುದು ಬರಿಯ ಭ್ರಮೆ ಎಂದು ತೋರಿಸುವ ಪ್ರಬಂಧವೊಂದನ್ನು ಬರೆದರು.

ಆದರೂ ಸಲಹೆ ಬೇಗ ಸಾಯಲಿಲ್ಲ. ಕಾರ್ಡ್ ಪಾವತಿ ಸ್ವೀಕರಿಸುವ ವ್ಯಾಪಾರಗಳು ಪಾಲಿಸಬೇಕಾದ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡದ ಆರಂಭದ ಆವೃತ್ತಿಗಳಲ್ಲಿ ವೈಫೈ ಹೆಸರಿನ ಪ್ರಸಾರವನ್ನು ನಿಲ್ಲಿಸಬೇಕು ಎಂಬ ಷರತ್ತೇ ಇತ್ತು. 2008ರ 1.2ನೇ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಪ್ರಸಾರ ನಿಲ್ಲಿಸಿದರೂ ದುರುದ್ದೇಶದವರು ಹೆಸರು ತಿಳಿಯುವುದನ್ನು ತಡೆಯಲಾಗದು ಎಂಬುದೇ ಕಾರಣ. ಹಣಕಾಸಿನ ಭದ್ರತೆಯ ನಿಯಮ ಬರೆಯುವವರೇ ಹಿಂದೆ ಸರಿದ ಮೇಲೂ ಆಯ್ಕೆ ಮಾತ್ರ ರೂಟರ್‌ಗಳಲ್ಲಿ ಉಳಿದುಕೊಂಡಿತು. ಆಯ್ಕೆ ಇದೆ ಎಂದ ಮೇಲೆ ಅದರಿಂದ ಏನೋ ಉಪಯೋಗ ಇರಲೇಬೇಕು ಎಂಬ ಊಹೆಯೂ ಉಳಿಯಿತು.

## ‘ಇನ್ನೊಂದು ಪದರ ಇದ್ದರೆ ನಷ್ಟವೇನು?’

ಅಡಗಿಸುವುದನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವ ಮುನ್ನ ಅದನ್ನು ಸರಿಯಾಗಿ ಕೇಳಬೇಕು. ಇದೊಂದೇ ರಕ್ಷಣೆ ಎಂದು ಅವರಲ್ಲಿ ತಿಳಿದವರಾರೂ ಹೇಳುವುದಿಲ್ಲ. ಗಟ್ಟಿ ಪಾಸ್‌ವರ್ಡ್ ಇರಲಿ, ಅದರ ಮೇಲೆ ಇದೂ ಇರಲಿ, ಪರಿಣತರನ್ನು ತಡೆಯದಿದ್ದರೂ ಕುತೂಹಲಕ್ಕೆ ಕೈಯಾಡಿಸುವವರನ್ನಾದರೂ ತಡೆಯುತ್ತದೆ ಎಂಬುದು ಅವರ ನಿಲುವು.

ಹಾಗಾದರೆ ಈ ಪದರ ಯಾರನ್ನು ತಡೆಯುತ್ತದೆ ಎಂದು ನೋಡಬೇಕು. ಪಟ್ಟಿಯಲ್ಲಿ ಹೆಸರು ಕಂಡು ಸುಮ್ಮನೆ ಒಂದೆರಡು ಪಾಸ್‌ವರ್ಡ್ ಹಾಕಿ ನೋಡುವವರಿಗೆ ಗಟ್ಟಿಯಾದ ಪಾಸ್‌ವರ್ಡೇ ಅಡ್ಡಿ. ಪಾಸ್‌ವರ್ಡ್ ಮುರಿಯುವ ತಯಾರಿಯೊಂದಿಗೆ ಬರುವವರ ಬಳಿ ಹೆಸರನ್ನು ಹಿಡಿಯುವ ಸಾಧನ ಆಗಲೇ ಇರುತ್ತದೆ, ಏಕೆಂದರೆ ಎರಡೂ ಕೆಲಸ ಮಾಡುವುದು ಒಂದೇ ಸಾಧನ. ಪಾಸ್‌ವರ್ಡ್ ತಡೆಯಲಾಗದೆ ಅಡಗಿದ ಹೆಸರು ಮಾತ್ರ ತಡೆಯಬಲ್ಲಂಥ ದಾಳಿಕೋರ ಈ ಇಬ್ಬರ ನಡುವೆ ಎಲ್ಲಿಯೂ ಸಿಗುವುದಿಲ್ಲ.

ಇನ್ನೊಂದು ವಾದ ಸ್ವಲ್ಪ ಸೂಕ್ಷ್ಮವಾದದ್ದು. ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡಿನಿಂದ ನೇರವಾಗಿ ಕೀಲಿ ಬರುವುದಿಲ್ಲ. ಪಾಸ್‌ವರ್ಡನ್ನೂ ಜಾಲದ ಹೆಸರನ್ನೂ ಬೆರೆಸಿ 4096 ಸುತ್ತು ಲೆಕ್ಕ ಮಾಡಿದ ಮೇಲೆ 256 ಬಿಟ್‌ಗಳ ಕೀಲಿ ಸಿಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಪಾಸ್‌ವರ್ಡ್ ಊಹಿಸಿ ತಾಳೆ ನೋಡುವ ಲೆಕ್ಕವನ್ನೇ ಶುರು ಮಾಡಲಾಗುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಲೆಕ್ಕದ ಮಟ್ಟಿಗೆ ಅದು ನಿಜ. ಆದರೆ ತಾಳೆ ನೋಡಲು ದಾಳಿಕೋರರಿಗೆ ಬೇಕಾದದ್ದು ಸೇರ್ಪಡೆಯ ವೇಳೆ ನಡೆಯುವ ನಾಲ್ಕು ಸಂದೇಶಗಳ ವಿನಿಮಯ. ಅದಕ್ಕೆ ಒಂದು ಕ್ಷಣ ಮೊದಲು ಹೋಗುವ ಸೇರ್ಪಡೆಯ ಕೋರಿಕೆಯಲ್ಲೇ ಹೆಸರು ಇರುತ್ತದೆ. ವಿನಿಮಯ ಯಾರ ಕೈಗೆ ಸಿಕ್ಕಿತೋ ಅವರ ಕೈಗೆ ಹೆಸರೂ ಸಿಕ್ಕಿರುತ್ತದೆ.

ಈ ಲೆಕ್ಕದಿಂದ ಉಪಯುಕ್ತವಾದ ಬೇರೊಂದು ಪಾಠ ಸಿಗುತ್ತದೆ. ಕಂಪನಿ ಇಟ್ಟ ಸಾಮಾನ್ಯ ಹೆಸರುಗಳಿಗೆ ಮುಂಚಿತವಾಗಿಯೇ ಕೀಲಿಗಳ ಕೋಷ್ಟಕ ಮಾಡಿಟ್ಟುಕೊಳ್ಳಲು ಸಾಧ್ಯ. ಬೇರೆಲ್ಲೂ ಇಲ್ಲದ ಹೆಸರು ಇಟ್ಟರೆ ಆ ಕೋಷ್ಟಕ ಕೆಲಸಕ್ಕೆ ಬಾರದು. ಆದ್ದರಿಂದ ಹೆಸರನ್ನು ಮುಚ್ಚುವುದಕ್ಕಿಂತ ಬದಲಿಸುವುದರಲ್ಲಿ ಲಾಭವಿದೆ. ಮನೆತನದ ಹೆಸರು, ಮನೆಯ ಸಂಖ್ಯೆ, ರೂಟರ್‌ನ ಮಾದರಿ ಇವು ಯಾವುದನ್ನೂ ಸೂಚಿಸದ ಹೆಸರಾದರೆ ಇನ್ನೂ ಒಳ್ಳೆಯದು.

## ಕೂಗುವ ಹೊಣೆ ಫೋನಿನ ತಲೆಗೆ

ರಕ್ಷಣೆ ಸೊನ್ನೆ, ನಷ್ಟವೂ ಸೊನ್ನೆ ಎಂದಾಗಿದ್ದರೆ ಈ ಚರ್ಚೆಯನ್ನು ಇಲ್ಲಿಗೇ ಬಿಡಬಹುದಿತ್ತು. ನಷ್ಟ ಇದೆ, ಮತ್ತು ಅದು ಮನೆಯ ಹೊರಗೂ ಹಿಂಬಾಲಿಸುತ್ತದೆ. ಫೋನಿನ ಎಚ್ಚರಿಕೆ ಹೇಳುತ್ತಿರುವುದು ಇದನ್ನೇ.

ಮಾಮೂಲಿ ಜಾಲದಲ್ಲಿ ರೂಟರ್ ಹೆಸರು ಹೇಳುತ್ತದೆ, ಫೋನ್ ಕೇಳಿಸಿಕೊಂಡು ಉಳಿಸಿಟ್ಟ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತದೆ. ಫೋನ್ ತಾನಾಗಿ ಯಾವ ಹೆಸರನ್ನೂ ಹೇಳಬೇಕಾಗಿಲ್ಲ. ‘ಯಾವ ಜಾಲಗಳಿದ್ದೀರಿ?’ ಎಂದು ಹೆಸರಿಲ್ಲದೆ ಕೇಳಿದರೂ ಸಾಕು, ಸುತ್ತಲಿನ ರೂಟರ್‌ಗಳು ಉತ್ತರಿಸುತ್ತವೆ. ಅಡಗಿದ ಜಾಲ ಹೀಗೆ ಕೇಳಿದಾಗ ಉತ್ತರಿಸುವುದಿಲ್ಲ, ಉತ್ತರಿಸಿದರೂ ಹೆಸರು ಹೇಳುವುದಿಲ್ಲ. ಆದ್ದರಿಂದ ಅದನ್ನು ಹುಡುಕಲು ಫೋನಿಗೆ ಇರುವುದು ಒಂದೇ ದಾರಿ. ತಾನೇ ಅದರ ಹೆಸರು ಹಿಡಿದು ಕೂಗಬೇಕು. ಮನೆಯ ನಾಮಫಲಕವನ್ನು ಕಿತ್ತಿಟ್ಟು, ಮನೆಯವರೆಲ್ಲ ಹೋದ ಬೀದಿಯಲ್ಲೆಲ್ಲ ‘ನಮ್ಮ ಮನೆ ಇಲ್ಲಿದೆಯೇ?’ ಎಂದು ಹೆಸರು ಹೇಳಿ ವಿಚಾರಿಸಿದಂತೆ ಇದು.

ತಾನು ಮನೆಯ ಹತ್ತಿರ ಇದ್ದೇನೆಯೇ ಇಲ್ಲವೇ ಎಂಬುದು ಫೋನಿಗೆ ಖಚಿತವಾಗಿ ತಿಳಿಯುವುದಿಲ್ಲ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ವೈಫೈ ಹುಡುಕುವಾಗಲೂ ಅದು ಆ ಹೆಸರನ್ನು ಗಾಳಿಗೆ ಬಿಡಬಹುದು. ಎಷ್ಟು ಬಾರಿ ಎಂಬುದು ಫೋನಿನ ಮಾದರಿ ಮತ್ತು ವ್ಯವಸ್ಥೆಯ ಆವೃತ್ತಿಯ ಮೇಲೆ ಬದಲಾಗುತ್ತದೆ, ಆದರೆ ಅಗತ್ಯ ತಪ್ಪುವುದಿಲ್ಲ. ಈಗಿನ ಫೋನ್‌ಗಳು ಗುರುತು ಸಿಗದಿರಲೆಂದು ರೇಡಿಯೊ ವಿಳಾಸವನ್ನು ಆಗಾಗ ಬದಲಿಸುತ್ತಿರುತ್ತವೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹೆಸರೊಂದನ್ನು ಅದೇ ಫೋನ್ ಕೇಳುತ್ತಾ ಹೋದರೆ ವಿಳಾಸ ಬದಲಿಸಿದ್ದು ವ್ಯರ್ಥ. ಯಾರ ಫೋನ್ ಎಂಬುದನ್ನು ಆ ಹೆಸರೇ ಹೇಳಿಬಿಡುತ್ತದೆ. 2001ರಿಂದ ನಡೆಯುತ್ತಿರುವ ವಿಗಲ್ ಎಂಬ ತಾಣದಲ್ಲಿ ಸ್ವಯಂಸೇವಕರು ಓಡಾಡುತ್ತಾ ದಾಖಲಿಸಿದ ವೈಫೈ ಜಾಲಗಳ ಹೆಸರು ಮತ್ತು ಜಾಗಗಳ ದೊಡ್ಡ ಸಂಗ್ರಹವಿದೆ. ಅಂಥ ಸಂಗ್ರಹದಲ್ಲಿ ಆ ಹೆಸರು ಸಿಕ್ಕಿದರೆ ಮನೆ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಇನ್ನೊಂದು ಅಪಾಯ ನಕಲಿ ರೂಟರ್‌ನದ್ದು. ಫೋನ್ ಕೂಗಿದ ಹೆಸರನ್ನು ಕೇಳಿಸಿಕೊಂಡವರು ಅದೇ ಹೆಸರಿನ ನಕಲಿ ಜಾಲ ಎಬ್ಬಿಸಿ ‘ನಾನೇ’ ಎಂದು ಉತ್ತರಿಸಬಹುದು. ಉಳಿಸಿಟ್ಟ ಜಾಲಕ್ಕೆ ಪಾಸ್‌ವರ್ಡೇ ಇಲ್ಲದಿದ್ದರೆ ಫೋನ್ ನೇರವಾಗಿ ಅದಕ್ಕೆ ಸೇರಿಬಿಡಬಹುದು. ಡಬ್ಲ್ಯುಪಿಎ2 ಪಾಸ್‌ವರ್ಡ್ ಇದ್ದರೆ ಸೇರ್ಪಡೆ ಪೂರ್ತಿಯಾಗುವುದಿಲ್ಲ, ಏಕೆಂದರೆ ನಕಲಿಯವರಿಗೆ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಆದರೆ ನಾಲ್ಕು ಸಂದೇಶಗಳ ವಿನಿಮಯದಲ್ಲಿ ಎರಡನೆಯದನ್ನು ಫೋನ್ ಕಳಿಸಿಬಿಟ್ಟಿರುತ್ತದೆ. ದಾಳಿಕೋರರು ತಮ್ಮ ಮನೆಯಲ್ಲಿ ಕುಳಿತು ಪಾಸ್‌ವರ್ಡುಗಳನ್ನು ಒಂದೊಂದಾಗಿ ಊಹಿಸಿ ತಾಳೆ ನೋಡಲು ಅಷ್ಟೇ ಸಾಕು. ಅಂದರೆ ಮನೆಯ ಜಾಲದ ಮೇಲಿನ ದಾಳಿಗೆ ಬೇಕಾದ ಸಾಮಗ್ರಿಯನ್ನು ಮನೆಯಿಂದ ಬಹುದೂರದಲ್ಲಿ, ಮಾಲೀಕರ ಜೇಬಿನಲ್ಲಿರುವ ಫೋನಿನಿಂದಲೇ ಪಡೆಯಬಹುದು. ಪಾಸ್‌ವರ್ಡ್ ಉದ್ದವೂ ಊಹೆಗೆ ಸಿಗದಂಥದ್ದೂ ಆಗಿದ್ದರೆ ಈ ಪ್ರಯತ್ನ ಸೋಲುತ್ತದೆ, ಚಿಕ್ಕದಾಗಿದ್ದರೆ ಗೆಲ್ಲುತ್ತದೆ. ಡಬ್ಲ್ಯುಪಿಎ3ರಲ್ಲಿ ವಿನಿಮಯದ ರೀತಿಯೇ ಬೇರೆಯಾದ್ದರಿಂದ ಹೀಗೆ ದೂರ ಕುಳಿತು ತಾಳೆ ನೋಡಲಾಗುವುದಿಲ್ಲ. ಎರಡು ಸಂದರ್ಭದಲ್ಲೂ ಕಾಪಾಡುತ್ತಿರುವುದು ಪಾಸ್‌ವರ್ಡ್ ಮತ್ತು ಭದ್ರತೆಯ ಬಗೆ. ಅಡಗಿದ ಹೆಸರು ಮಾಡಿದ್ದು ದಾಳಿಗೆ ಹೆಚ್ಚುವರಿ ಅವಕಾಶ ಒದಗಿಸುವ ಕೆಲಸ.

## ಸಂಪರ್ಕ ತಡವಾಗುವುದು, ತಪ್ಪುವುದು

ಹೆಸರು ಅಡಗಿಸಿದ ಮನೆಗಳಲ್ಲಿ ಕೇಳಿಬರುವ ದೂರುಗಳು ಒಂದೇ ತೆರನಾಗಿರುತ್ತವೆ. ಫೋನ್ ಮನೆಗೆ ಬಂದರೂ ವೈಫೈ ತಾನಾಗಿ ಸೇರುವುದಿಲ್ಲ, ಲ್ಯಾಪ್‌ಟಾಪ್ ನಿದ್ರೆಯಿಂದ ಎದ್ದಾಗ ಜಾಲ ಸಿಗುವುದಿಲ್ಲ, ಪ್ರಿಂಟರ್ ಕಳಚಿಕೊಂಡರೆ ಮತ್ತೆ ಹತ್ತುವುದಿಲ್ಲ. ಇದಕ್ಕೆ ರೂಟರ್ ಹಳೆಯದಾಗಿದೆ, ಸಿಗ್ನಲ್ ಸಾಲದು ಎಂದೆಲ್ಲ ಕಾರಣ ಹುಡುಕುವವರು ಅಡಗಿಸುವ ಆಯ್ಕೆಯ ಕಡೆಗೆ ನೋಡುವುದು ಕಡೆಗೆ.

ಬಹಳ ಸ್ಪಷ್ಟವಾದ ಕಾರಣ 5 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿದೆ. ಅದರ 52ರಿಂದ 64 ಹಾಗೂ 100ರಿಂದ 144ರವರೆಗಿನ ಚಾನೆಲ್‌ಗಳನ್ನು ಹೆಚ್ಚಿನ ದೇಶಗಳಲ್ಲಿ ವೈಫೈ ರೇಡಾರ್‌ಗಳೊಂದಿಗೆ ಹಂಚಿಕೊಳ್ಳುತ್ತದೆ. ರೇಡಾರ್‌ಗೆ ತೊಂದರೆಯಾಗಬಾರದೆಂದು ಅಲ್ಲಿ ಫೋನಿನಂಥ ಸಾಧನಗಳು ತಾವಾಗಿ ಬಾಯಿ ಬಿಡುವಂತಿಲ್ಲ. ರೂಟರ್‌ನ ಬೀಕನ್ ಬರುವವರೆಗೆ ಸುಮ್ಮನೆ ಕೇಳುತ್ತಿರಬೇಕು. ಮಾಮೂಲಿ ಜಾಲವಾದರೆ 102.4 ಮಿಲಿಸೆಕೆಂಡಿನೊಳಗೆ ಬೀಕನ್ ಬರುತ್ತದೆ, ಅದರಲ್ಲೇ ಹೆಸರು ಇರುತ್ತದೆ, ಕೆಲಸ ಮುಗಿಯಿತು. ಅಡಗಿದ ಜಾಲವಾದರೆ ಬೀಕನ್ ಬರುತ್ತದೆ, ಹೆಸರು ಬರುವುದಿಲ್ಲ. ಇದು ತನ್ನ ಜಾಲವೋ ಪಕ್ಕದ ಮನೆಯದ್ದೋ ಎಂದು ಫೋನಿಗೆ ತಿಳಿಯದು. ಬೀಕನ್ ಕೇಳಿದ ಮೇಲೆ ಹೆಸರು ಹಿಡಿದು ವಿಚಾರಿಸುವ ಜಾಣ್ಮೆ ಕೆಲವು ಸಾಧನಗಳಿಗಿದೆ, ಅವು ತಡವಾಗಿಯಾದರೂ ಸೇರುತ್ತವೆ. ಆ ಜಾಣ್ಮೆ ಇಲ್ಲದವು ಆ ಚಾನೆಲನ್ನು ದಾಟಿ ಮುಂದೆ ಹೋಗುತ್ತವೆ. ತೊಂದರೆ ಕೆಲವೊಮ್ಮೆ ಮಾತ್ರ ಕಾಣಿಸಿಕೊಳ್ಳುವುದಕ್ಕೂ ಇದೇ ವಿವರಣೆ. ರೂಟರ್ ತಾನಾಗಿ ಚಾನೆಲ್ ಆರಿಸುವಂತಿದ್ದರೆ ಇಂದು 36ರಲ್ಲಿದ್ದು ನಾಳೆ 100ಕ್ಕೆ ಹೋಗಬಹುದು. ಇಂದು ಸರಾಗವಾಗಿ ಸೇರಿದ ಫೋನ್ ನಾಳೆ ತಡಕಾಡುತ್ತದೆ.

ಒಂದಕ್ಕಿಂತ ಹೆಚ್ಚು ವೈಫೈ ಪೆಟ್ಟಿಗೆಗಳಿರುವ ದೊಡ್ಡ ಮನೆ ಅಥವಾ ಕಚೇರಿಯಲ್ಲಿ ತೊಂದರೆ ಇನ್ನೊಂದು ರೂಪ ತಾಳುತ್ತದೆ. ನಡೆದಾಡುವಾಗ ಫೋನ್ ದೂರವಾದ ಪೆಟ್ಟಿಗೆಯನ್ನು ಬಿಟ್ಟು ಹತ್ತಿರದ್ದನ್ನು ಹಿಡಿಯಬೇಕು. ಹೆಸರಿದ್ದರೆ ಬೀಕನ್ ಕೇಳಿಯೇ ಯಾವುದು ತನ್ನದು ಎಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಹೆಸರಿಲ್ಲದಿದ್ದರೆ ಕಂಡ ಹೆಸರಿಲ್ಲದ ಜಾಲಗಳನ್ನೆಲ್ಲ ವಿಚಾರಿಸಬೇಕು. ಈ ವಿಳಂಬ ಜಾಲತಾಣ ನೋಡುವವರಿಗೆ ಗೊತ್ತಾಗದಿರಬಹುದು, ವೈಫೈ ಮೂಲಕ ಕರೆಯಲ್ಲಿರುವವರಿಗೆ ಧ್ವನಿ ಕಡಿದುಹೋಗುವುದರಿಂದ ಗೊತ್ತಾಗುತ್ತದೆ.

ಇನ್ನು ಸರಳವಾದ ತೊಂದರೆಗಳೂ ಇವೆ. ಅಡಗಿದ ಜಾಲಕ್ಕೆ ಹೆಸರನ್ನು ಕೈಯಿಂದಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೆ, ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೆ ಅದು ಬೇರೆಯೇ ಹೆಸರು. ಭದ್ರತೆಯ ಬಗೆಯನ್ನೂ ನಾವೇ ಆರಿಸಬೇಕು, ತಪ್ಪಾದರೆ ಪಾಸ್‌ವರ್ಡ್ ಸರಿಯಿದ್ದರೂ ಸೇರುವುದಿಲ್ಲ. ಸ್ಮಾರ್ಟ್ ಬಲ್ಬಿನಂಥ ಕೆಲವು ಸಣ್ಣ ಸಾಧನಗಳಲ್ಲಿ ಹೆಸರು ಟೈಪ್ ಮಾಡುವ ಅವಕಾಶವೇ ಇರುವುದಿಲ್ಲ, ಕಂಡ ಪಟ್ಟಿಯಿಂದ ಆರಿಸುವುದಷ್ಟೇ.

ಅಡಗಿಸಿದ್ದೇ ಕಾರಣವೇ ಎಂದು ತಿಳಿಯುವುದು ಕಷ್ಟವಲ್ಲ. ರೂಟರ್‌ನಲ್ಲಿ ಬೇರೇನನ್ನೂ ಬದಲಿಸದೆ ಹೆಸರನ್ನು ಮಾತ್ರ ಕೆಲವು ದಿನ ತೆರೆದಿಟ್ಟು ನೋಡಬೇಕು. ಅದೇ ಸಾಧನ, ಅದೇ ಜಾಗ, ಅದೇ ಚಾನೆಲ್ ಇದ್ದು ದೂರು ನಿಂತರೆ ಕಾರಣ ಸಿಕ್ಕಂತೆ. ನಿಲ್ಲದಿದ್ದರೆ ಸಿಗ್ನಲ್ ಅಥವಾ ರೂಟರ್ ಕಡೆಗೆ ನೋಡಬಹುದು.

## ಅಡಗಿಸುವುದು ಸರಿಯಾಗುವ ಜಾಗ

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಕೆಲವು ಸಂಸ್ಥೆಗಳು ಸಿಬ್ಬಂದಿಯ ಜಾಲವನ್ನು ಅಡಗಿಸಿ ಅತಿಥಿಗಳ ಜಾಲವನ್ನು ಮಾತ್ರ ತೋರಿಸುತ್ತವೆ. ಬಂದವರು ತಪ್ಪು ಹೆಸರು ಒತ್ತಿ ಸಹಾಯ ಕೇಳುವುದು ಕಡಿಮೆಯಾಗಲಿ ಎಂಬುದು ಉದ್ದೇಶ. ಇದು ಅನುಕೂಲದ ವಿಷಯ, ಇದಕ್ಕೆ ಭದ್ರತೆಯ ಹೆಸರು ಕೊಡದಿದ್ದರೆ ಆಕ್ಷೇಪವಿಲ್ಲ, ಆದರೆ ಮೇಲೆ ಹೇಳಿದ ಬೆಲೆಯನ್ನು ಸಿಬ್ಬಂದಿಯ ಫೋನ್‌ಗಳು ತೆರುತ್ತವೆ ಎಂಬುದು ಗೊತ್ತಿರಬೇಕು. ಹಲವು ಪೆಟ್ಟಿಗೆಗಳ ಮೆಶ್ ವ್ಯವಸ್ಥೆಗಳಲ್ಲಿ ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಲು ಅಡಗಿದ ಜಾಲವೊಂದನ್ನು ಇಟ್ಟುಕೊಳ್ಳುವುದೂ ಉಂಟು. ಅವು ಮನೆ ಬಿಟ್ಟು ಹೋಗುವುದಿಲ್ಲವಾದ್ದರಿಂದ ಹೊರಗೆ ಹೆಸರು ಕೂಗುವ ಪ್ರಶ್ನೆಯೇ ಬರುವುದಿಲ್ಲ.

## ತೆರೆಯುವಾಗ ಮರೆಯಬಾರದ ಹೆಜ್ಜೆ

ಹೆಸರನ್ನು ಮತ್ತೆ ತೋರಿಸಲು ನಿರ್ಧರಿಸಿದವರು ಸಾಮಾನ್ಯವಾಗಿ ಅರ್ಧ ಕೆಲಸ ಮಾಡಿ ನಿಲ್ಲಿಸುತ್ತಾರೆ. ರೂಟರ್‌ನಲ್ಲಿ ಆಯ್ಕೆ ಬದಲಿಸಿದರೆ ರೂಟರ್ ಮಾತ್ರ ಬದಲಾಗುತ್ತದೆ. ಫೋನ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ ‘ಇದು ಅಡಗಿದ ಜಾಲ’ ಎಂಬ ಗುರುತು ಹಾಗೆಯೇ ಉಳಿಯಬಹುದು, ಉಳಿದರೆ ಅವು ಹೆಸರು ಕೂಗುವುದನ್ನು ಮುಂದುವರಿಸುತ್ತವೆ. ಜಾಲಕ್ಕೆ ಹೊಸ ಹೆಸರು ಇಟ್ಟರೂ ಅಷ್ಟೆ, ಹಳೆಯ ಹೆಸರಿನ ದಾಖಲೆಯನ್ನು ಅಳಿಸದಿದ್ದರೆ ಇಲ್ಲದ ಜಾಲವನ್ನು ಹುಡುಕುತ್ತಾ ಹೋಗುತ್ತವೆ.

ಮೊದಲು ರೂಟರ್‌ನಲ್ಲಿ ಹೆಸರನ್ನು ತೆರೆಯಬೇಕು. ಅದೇ ಹೊತ್ತಿಗೆ ಭದ್ರತೆ ಡಬ್ಲ್ಯುಪಿಎ3 ಇದೆಯೇ, ಹಳೆಯ ಸಾಧನಗಳಿದ್ದರೆ ಎಇಎಸ್ ಎನ್‌ಕ್ರಿಪ್ಷನ್ ಜೊತೆಗಿನ ಡಬ್ಲ್ಯುಪಿಎ2 ಆದರೂ ಇದೆಯೇ, ಪಾಸ್‌ವರ್ಡ್ ಉದ್ದವಾಗಿದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಪ್ರತಿಯೊಂದು ಫೋನಿನಲ್ಲೂ ಉಳಿಸಿಟ್ಟ ಜಾಲವನ್ನು ಅಳಿಸಿ, ಈಗ ಪಟ್ಟಿಯಲ್ಲಿ ಕಾಣುತ್ತಿರುವ ಹೆಸರನ್ನು ಒತ್ತಿ ಸೇರಬೇಕು. ಹೆಸರನ್ನು ಕೈಯಿಂದ ಟೈಪ್ ಮಾಡಿ ಸೇರಿಸಿದರೆ ಅಡಗಿದ ಜಾಲದ ಗುರುತು ಮತ್ತೆ ಅಂಟಿಕೊಳ್ಳುವ ಸಾಧ್ಯತೆಯಿದೆ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಗುರುತು ಇದೆಯೇ ಎಂದು ಒಂದೇ ಆಜ್ಞೆಯಲ್ಲಿ ನೋಡಬಹುದು:

```
netsh wlan show profiles name="Neeli-Mugilu-58"
```

ಬರುವ ಉತ್ತರದಲ್ಲಿ `Network broadcast` ಎಂಬ ಸಾಲು ಹುಡುಕಬೇಕು. ಅದರ ಮುಂದೆ `Connect even if this network is not broadcasting` ಎಂದಿದ್ದರೆ ಲ್ಯಾಪ್‌ಟಾಪ್ ಈಗಲೂ ಹೆಸರು ಹಿಡಿದು ಹುಡುಕುವ ಸ್ಥಿತಿಯಲ್ಲಿದೆ. ಜಾಲವನ್ನು ಅಳಿಸದೆಯೂ ಇದನ್ನು ಸರಿಪಡಿಸಬಹುದು:

```
netsh wlan set profileparameter name="Neeli-Mugilu-58" nonBroadcast=no
```

ನೆಟ್‌ವರ್ಕ್‌ಮ್ಯಾನೇಜರ್ ಬಳಸುವ ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಬೇರೆ ಆಜ್ಞೆ:

```
nmcli connection modify "Neeli-Mugilu-58" 802-11-wireless.hidden no
```

ಆಜ್ಞೆ ಕೊಟ್ಟ ಮೇಲೆ ಮೊದಲಿನ ಆಜ್ಞೆಯಿಂದಲೇ ಮತ್ತೊಮ್ಮೆ ನೋಡಿದರೆ ವಿಂಡೋಸ್‌ನಲ್ಲಿ ಆ ಸಾಲು `Connect only if this network is broadcasting` ಎಂದು ಬದಲಾಗಿರಬೇಕು. ಐಫೋನ್‌ನಲ್ಲಿ ಜಾಲವನ್ನು ಅಳಿಸಿ ಮತ್ತೆ ಸೇರಿದ ಮೇಲೆ, ಅಡಗಿದ ಜಾಲದ ಕಾರಣಕ್ಕೆ ಬರುತ್ತಿದ್ದ ಖಾಸಗಿತನದ ಎಚ್ಚರಿಕೆ ಇನ್ನು ಕಾಣಿಸಬಾರದು. ಹೆಸರನ್ನು ತೆರೆದ ಮೇಲೂ ಎಚ್ಚರಿಕೆ ಉಳಿದಿದ್ದರೆ ಆ ರೂಟರ್‌ನ ಎರಡು ತರಂಗಪಟ್ಟಿಗಳಲ್ಲಿ ಒಂದು ಇನ್ನೂ ಅಡಗಿಯೇ ಇರಬಹುದು. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಅನೇಕ ರೂಟರ್‌ಗಳಲ್ಲಿ ಈ ಆಯ್ಕೆ ಬೇರೆ ಬೇರೆಯಾಗಿ ಇರುತ್ತದೆ, ಎರಡನ್ನೂ ತೆರೆಯಬೇಕು.